ತೂಗುಕೋಲಿನ ಗುಂಡು

ನೇದಾ ಬಾಗಿಲು ತಟ್ಟಿದಾಗ ಮಧ್ಯರಾತ್ರಿ. ವೇಲ್ಕೊ ಅಡುಗೆಮನೆಯ ಮೇಜಿನ ಮೇಲೆ ಬ್ಯಾಗು ಇಟ್ಟುಕೊಂಡು, ಅದರೊಳಗೆ ಮೊಣಕೈವರೆಗೂ ಕೈ ಇಳಿಸಿ ನಿಂತಿದ್ದ. ಬಾಗಿಲಲ್ಲಿ ಅವಳನ್ನು ಕಂಡದ್ದೇ ತಡ, ಕೈ ಹೊರಗೆಳೆದು ಬ್ಯಾಗಿನ ಜಿಪ್ ಅರ್ಧ ಮುಚ್ಚಿದ.

"ಏನು, ಕಳ್ಳಮಾಲಾ?" ಎಂದಳು ನೇದಾ.

"ನಿನಗ್ಯಾರು ಹೇಳಿದ್ದು ನಾನು ಎದ್ದಿದ್ದೀನಿ ಅಂತ?"

"ನಿಮ್ಮ ದೊಡ್ಡಮ್ಮ. ಸಾಯಂಕಾಲ ನಮ್ಮ ಶೆಡ್ಡಿಗೆ ಲೀಪಾ ಹೂ ಮಾರೋಕೆ ತಂದಿದ್ರು. 'ಆ ಹುಡುಗ ಬ್ಯಾಗನ್ನ ಕೈಯಲ್ಲಿ ಎತ್ತೆತ್ತಿ ನೋಡ್ತಾ ಕೂತಿದ್ದಾನೆ ಕಣೇ, ತೂಗೋಕೆ ಏನಾದ್ರೂ ಕೊಡು' ಅಂದ್ರು." ಬೆನ್ನ ಹಿಂದೆ ಹಿಡಿದಿದ್ದ ತೂಗುಕೋಲನ್ನು ಅವಳು ಮುಂದೆ ಚಾಚಿದಳು. "ತಗೋ. ತಂದಿದ್ದೀನಿ."

ಕೋಲಿಗೆ ನೇತುಹಾಕಿದ್ದ ಕಬ್ಬಿಣದ ಗುಂಡನ್ನು ವೇಲ್ಕೊ ನೋಡಿದ. ಅವನ ಕಿವಿಯ ತುದಿ ಕೆಂಪಾಯಿತು.

ಗೊತ್ತಾಗಿಹೋಯಿತೇ? ನೇದಾ ಗುಂಡನ್ನು ಅಂಗೈಯಲ್ಲಿ ಮುಚ್ಚಿದಳು. ಏಕೆಂದರೆ ಆ ಗುಂಡು ಆ ಕೋಲಿನದಲ್ಲ.

ಅಜ್ಜಿಯ ಕಾಲದ ತೂಗುಕೋಲು ಅದು. ಗಿಡ್ಡ ತುದಿಯಲ್ಲಿ ಕೊಕ್ಕೆ, ಅಲ್ಲಿಗೆ ಸಾಮಾನು ಸಿಕ್ಕಿಸಬೇಕು. ಮೇಲಿನ ಹಿಡಿಕೆಯನ್ನು ಕೈಯಲ್ಲಿ ಹಿಡಿದೆತ್ತಿ, ಉದ್ದನೆಯ ತುದಿಯ ಗೀರುಗಳ ಮೇಲೆ ಗುಂಡನ್ನು ಒಂದೊಂದೇ ಮನೆ ಸರಿಸುತ್ತ ಹೋಗಬೇಕು. ಕೋಲು ನೆಟ್ಟಗೆ ನಿಂತಲ್ಲಿ ತೂಕ. ಅಂದಮೇಲೆ ಎಲ್ಲ ಲೆಕ್ಕವೂ ಆ ಗುಂಡಿನದೇ. ಅದು ಹಗುರಾದರೆ ಇನ್ನಷ್ಟು ದೂರ ಸರಿಯುತ್ತದೆ, ಸಾಮಾನು ಇರುವುದಕ್ಕಿಂತ ಭಾರ ತೋರುತ್ತದೆ. ಶೆಡ್ಡಿನಲ್ಲಿ ದಿನವೂ ಬಳಸುವ ದೊಡ್ಡ ತಕ್ಕಡಿಯನ್ನು ಹೊತ್ತು ತರಲಾಗದೆ, ಗೋಡೆಯ ಮೇಲಿದ್ದ ಈ ಕೋಲನ್ನು ಇಳಿಸಿದಾಗ ಅದರ ಗುಂಡು ಕಾಣೆಯಾಗಿತ್ತು. ಹುಡುಕಿದಳು, ಸಿಗಲಿಲ್ಲ. ಪಕ್ಕದ ಚಿಕ್ಕ ಕೋಲಿನ ಗುಂಡು ಕಣ್ಣಿಗೆ ಬಿತ್ತು. ಅದು ಹಗುರ. ಹತ್ತು ಕಿಲೋ ಹನ್ನೆರಡೂವರೆ ಆಗಿಬಿಡುತ್ತದೆ.

ಆಗಲಿ ಎಂದುಕೊಂಡಳು. ಆಗಲೇಬೇಕು ಎಂದುಕೊಂಡಳು. ಕಾರಣ ಆ ಕೋಟು.

ಬೆಳಿಗ್ಗೆ ವೇಲ್ಕೊನ ಅಂಗಳದ ತಂತಿಯ ಮೇಲೆ ಅವಳು ಅದನ್ನು ಕಂಡಿದ್ದಳು. ಜೂನ್ ತಿಂಗಳ ಬಿಸಿಲಿಗೆ ಹರಡಿದ ಕುರಿಚರ್ಮದ ಒಳಪದರದ ಕೋಟು. ಟೊಮೆಟೊ, ಸೊಪ್ಪಿನ ಕೆಲಸ ಅಂತ ಅವನ ಹಾಗೆ ಹಾಲೆಂಡಿಗೆ ಹೋಗಿ ಸೆಪ್ಟೆಂಬರಿಗೆ ಬರುವವರು ಅಂಗಿ, ಚಡ್ಡಿ, ಒಂದು ಸ್ವೆಟರ್ ಒಯ್ಯುತ್ತಾರೆ. ಚಳಿಗಾಲದ ಕೋಟು ಒಯ್ಯುವವನು ಚಳಿಗಾಲಕ್ಕೆ ಅಲ್ಲೇ ಉಳಿಯುವವನು. ಈ ಊರಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅವಳ ಅಪ್ಪ ಸ್ಪೇನಿಗೆ ಹೊರಟ ಮೇ ತಿಂಗಳಲ್ಲಿ ಅಮ್ಮ ತಾನೇ ಅವನ ಕೋಟು ಮಡಚಿ ಕೊಟ್ಟಿದ್ದಳು, ಪಾಪ, ಏನೂ ತೋಚದೆ. ಆಮೇಲೆ ಅಪ್ಪನ ದನಿ ಫೋನಿನಲ್ಲಿ ಮಾತ್ರ ಬಂತು, ಕೆಲವು ವರ್ಷ.

ಹಾಗಾಗಿ ಆ ಕೋಟು ಬ್ಯಾಗಿನಿಂದ ಹೊರಗೆ ಬರಬೇಕು. ಅಷ್ಟೇ ಅವಳ ಸಂಚು. ಕೋಟು ಇಲ್ಲದ ಮನುಷ್ಯ ಮೊದಲ ಮಂಜು ಬೀಳುವ ಮುಂಚೆ ಮನೆಗೆ ಬರಲೇಬೇಕಲ್ಲ. 'ಹೋಗಬೇಡ' ಎನ್ನಲು ಅವಳು ಅವನಿಗೆ ಯಾರು? ಕಷಾಯಕ್ಕೆ ಒಣಗಿಸುವ ಲೀಪಾ ಹೂವನ್ನು ಊರವರಿಂದ ತೂಗಿ ಕೊಳ್ಳುವ ನೇದಾ, ಅಷ್ಟೇ. ನಾಲ್ಕು ವರ್ಷದಿಂದ ಅವನು ಮೂಟೆ ಹೊತ್ತು ತಂದಾಗಲೆಲ್ಲ ಬೇಕೆಂದೇ ನಿಧಾನವಾಗಿ ತೂಗಿದವಳು. ಇದನ್ನು ಅವನು ಗಮನಿಸಿದ್ದನೋ ಇಲ್ಲವೋ, ದೇವರೇ ಬಲ್ಲ.

"ಎಷ್ಟಿರಬೇಕು?" ಕೇಳಿದಳು.

"ಹತ್ತು ಕಿಲೋ. ಒಂದೇ ಬ್ಯಾಗು. ವಿಮಾನದ ಬಾಗಿಲಲ್ಲಿ ತೂಗ್ತಾರಂತೆ. ಜಾಸ್ತಿಯಾದ್ರೆ ಅಲ್ಲೇ ತೆಗೆದು ಬಿಸಾಕಬೇಕು."

"ಹಾಗಾದ್ರೆ ಸಿಕ್ಕಿಸು."

ಅವನು ಬ್ಯಾಗಿನ ಹಿಡಿಯನ್ನು ಕೊಕ್ಕೆಗೆ ಸಿಕ್ಕಿಸಿದ. ಇಬ್ಬರೂ ಸೇರಿ ಎತ್ತಬೇಕಾಯಿತು. ಹಿಡಿಕೆಯ ಮೇಲೆ ಅವಳ ಕೈ, ಅದರ ಪಕ್ಕದಲ್ಲೇ ಅವನ ಕೈ. ಅವನಿಂದ ಕ್ಷೌರದ ಸೋಪಿನ ಪರಿಮಳ ಬರುತ್ತಿತ್ತು. ನೇದಾ ಇನ್ನೊಂದು ಕೈಯಿಂದ ಗುಂಡು ಸರಿಸುತ್ತ ಹೋದಳು. ಅವನ ಕಣ್ಣು ಕೋಲಿನ ಮೇಲಿರಲಿಲ್ಲ.

"ನನ್ನ ಮುಖದಲ್ಲಿ ಗೀರು ಹಾಕಿದ್ದಾರಾ ನೋಡೋಕೆ?"

"ಇಲ್ಲ" ಎಂದು ಅವನು ಥಟ್ಟನೆ ಕೋಲು ನೋಡಿದ.

"ಹದಿನಾಲ್ಕು" ಎಂದಳು ನೇದಾ, ಪಾದ್ರಿಗಳ ಗಾಂಭೀರ್ಯದಲ್ಲಿ.

"ಹದಿನಾಲ್ಕಾ!"

"ನನ್ನ ಮೇಲೆ ಅನುಮಾನವಾ?"

ಅವನು ಗುಂಡನ್ನು ನೋಡಿದ, ಅವಳನ್ನು ನೋಡಿದ, ಬಾಯಿ ತೆರೆದ, ಮುಚ್ಚಿದ. "ಇಲ್ಲಪ್ಪ. ಅನುಮಾನ ಯಾಕೆ."

ಮೊದಲು ಅವನು ಗೊಜ್ಜಿನ ಬಾಟಲಿ ತೆಗೆದ. ಕೆಂಪು ಮೆಣಸು ಸುಟ್ಟು ದೊಡ್ಡಮ್ಮ ಮಾಡಿದ್ದು. "ಇದು ಹೇಗೂ ಹೋಗಲ್ಲ ಕಣೋ" ಎಂದಳು ನೇದಾ. "ಚಮಚದಲ್ಲಿ ಬಳಿಯೋದೆಲ್ಲ ಅವರ ಲೆಕ್ಕದಲ್ಲಿ ನೀರೇ. ಬಾಟಲಿ ನೋಡಿದ ತಕ್ಷಣ ಕಿತ್ಕೋತಾರೆ. ರಾಕಿಯಾ ಕೂಡ. ಎಲ್ಲಿಟ್ಟಿದ್ದೀಯ ತೆಗಿ."

"ರಾಕಿಯಾ ಇದೆ ಅಂತ ನಿನಗ್ಯಾರು ಹೇಳಿದ್ರು?"

"ಗಂಡಸು ಊರು ಬಿಡ್ತಿದ್ದಾನೆ. ಯಾರಾದ್ರೂ ಹೇಳಬೇಕಾ?"

ಕಾಲುಚೀಲದೊಳಗೆ ಸುತ್ತಿಟ್ಟಿದ್ದ ಸಾರಾಯಿ ಬಾಟಲಿ ನಾಚಿಕೊಂಡು ಹೊರಬಂತು. ಅದರ ಹಿಂದೆಯೇ ದ್ರಾಕ್ಷಿ ಬಳ್ಳಿ ಸವರುವ ಬಾಗುಚೂರಿ. ಅದನ್ನೂ ಬಿಡುವುದಿಲ್ಲವೆಂದು ಅವಳೇ ಹೇಳಬೇಕಾಯಿತು. ಒಣ ಸಾಸೇಜು ಪರವಾಗಿಲ್ಲ, ಗಟ್ಟಿ ಪದಾರ್ಥ. ಮಸಾಲೆ ಉಪ್ಪಿನ ಪೊಟ್ಟಣ ಪರವಾಗಿಲ್ಲ. ಕಬ್ಬಿಣದ ಮೂತಿಯ ಕೆಲಸದ ಬೂಟು ಆಗಲೇ ಅವನ ಕಾಲಲ್ಲಿತ್ತು. ಭಾರದ್ದೆಲ್ಲ ಮೈಮೇಲೆ ಹೋಗಬೇಕು, ಮೈಯನ್ನು ಯಾರೂ ತೂಗುವುದಿಲ್ಲ, ಇದು ಊರಿನ ಮಕ್ಕಳಿಗೂ ಗೊತ್ತು.

ಅಲ್ಲೇ ನೇದಾಳ ಭಯವಿತ್ತು. 'ಕೋಟು ಹಾಕ್ಕೊಂಡೇ ಹೋಗ್ತೀನಿ' ಎಂದು ಅವನು ಅಂದುಬಿಟ್ಟರೆ ಅವಳ ಸಂಚು ಅಲ್ಲಿಗೇ ಮಣ್ಣುಪಾಲು. ವಿಚಿತ್ರವೆಂದರೆ ಅವನು ಅನ್ನಲಿಲ್ಲ. ಬ್ಯಾಗಿನ ತಳದಲ್ಲಿ ಮಡಚಿಟ್ಟ ಕೋಟಿನ ಹತ್ತಿರಕ್ಕೂ ಕೈ ತರಲಿಲ್ಲ.

ಮತ್ತೆ ಎತ್ತಿದರು. "ಹನ್ನೆರಡೂವರೆ."

"ಇನ್ನೂ?"

"ತಳದಲ್ಲಿ ಏನೋ ದಪ್ಪಗಿದೆಯಲ್ಲ" ಎಂದಳು, ಏನೂ ತಿಳಿಯದವಳಂತೆ. "ಅದನ್ನ ತೆಗಿ."

"ಅದು ಬೇಕು."

"ಏನದು?"

"ಕೋಟು."

"ಜೂನ್ ತಿಂಗಳಲ್ಲಿ!"

"ಬೇಕು ಅಂದ್ನಲ್ಲ ನೇದಾ." ಅವನು ಅವಸರದಿಂದ ಟವೆಲ್ ತೆಗೆದು ಹೊರಗಿಟ್ಟ. ಹಾಸುವ ದುಪ್ಪಟಿ ತೆಗೆದ.

"ಅಲ್ಲಿ ಹಾಸಿಗೆಗೆ ಏನ್ಮಾಡ್ತೀಯ? ಕೊಡ್ತಾರಾ ಅವರು?"

"ಬರೀ ಹಾಸಿಗೆ ಕೊಡ್ತಾರಂತೆ. ಪರವಾಗಿಲ್ಲ, ಅದರ ಮೇಲೇ ಮಲಗ್ತೀನಿ."

ಉಣ್ಣೆಯ ಕಾಲುಚೀಲ ಎರಡು ಜೊತೆ ಹೋದವು. ಮನೆಯೊಳಗೆ ಹಾಕುವ ಚಪ್ಪಲಿ ಹೋಯಿತು. ಆಮೇಲೆ ಅವನು ತಾಮ್ರದ ಕಾಫಿ ಪಾತ್ರೆ ತೆಗೆದು, ಉದ್ದನೆಯ ಹಿಡಿ ಹಿಡಿದು ಸ್ವಲ್ಪ ಹೊತ್ತು ನಿಂತ. ಅದು ಅವನ ಅಮ್ಮನದು. ಹೋದ ಚಳಿಗಾಲದಲ್ಲಿ ಅಮ್ಮ ತೀರಿಕೊಂಡ ಮೇಲೆ ಈ ಮನೆಯಲ್ಲಿ ಅವನೊಬ್ಬನೇ. ರಾತ್ರಿ ಮೂರಕ್ಕೆ ವ್ಯಾನು ಬಂದಾಗ, ಹೊರಟವನ ಹಿಂದೆ ಹೊಸಿಲಿನಿಂದ ನೀರು ಹೊಯ್ಯಲೂ ಮನೆಯ ಹೆಂಗಸು ಅಂತ ಯಾರೂ ಇಲ್ಲ. ಎದುರುಮನೆಯಿಂದ ದೊಡ್ಡಮ್ಮನೇ ಮಂಡಿನೋವಿನ ಕಾಲೆಳೆದುಕೊಂಡು ಬರಬೇಕು. ದಾರಿ ನೀರಿನ ಹಾಗೆ ಸಲೀಸಾಗಲಿ ಅಂತ ಮನೆಯವರು ಹೊಯ್ಯಬೇಕಾದ ನೀರು ಅದು, ಕಂಡವರು ಹೊಯ್ಯುವುದಲ್ಲ.

ಅವನು ಪಾತ್ರೆಯನ್ನು ಮೇಜಿನ ಮೇಲಿಟ್ಟ.

ನೇದಾ ಪಾತ್ರೆಯನ್ನೇ ನೋಡಿದಳು. ಅಮ್ಮನ ಪಾತ್ರೆ ಬಿಡುತ್ತಾನೆ, ಕೋಟು ಬಿಡುವುದಿಲ್ಲ. ಇನ್ನು ಕೇಳುವುದೇನು ಉಳಿಯಿತು? ಅಲ್ಲೇ ಉಳಿಯಬೇಕೆಂದು ತೀರ್ಮಾನಿಸಿಯೇ ಹೊರಟಿದ್ದಾನೆ. ಅವಳ ಸುಳ್ಳು ಗುಂಡು ಮಾಡಿದ್ದು ಇಷ್ಟೇ: ಅವನಿಗೆ ಏನೇನು ಬೇಡ ಎಂಬುದನ್ನು ಒಂದೊಂದಾಗಿ ತೆಗೆದು ಅವಳ ಮುಂದೆ ಇಟ್ಟಿತು.

"ಈಗ ನೋಡು" ಎಂದ ವೇಲ್ಕೊ.

ಎತ್ತಿದರು. ಗುಂಡು ಹತ್ತರ ಗೀರಿನ ಮೇಲೆ ಕೂತಿತು, ಕೋಲು ನೆಟ್ಟಗಾಯಿತು.

"ಹತ್ತು" ಎಂದಳು. "ಸರಿಹೋಯ್ತು ಬಿಡು. ಕೋಟೂ ಹೋಗತ್ತೆ, ನೀನೂ ಹೋಗ್ತೀಯ."

"ಯಾಕೆ ಹಾಗಂತೀಯ?"

"ಹೇಗಂದೆ?"

"ಜಗಳದ ಹಾಗೆ."

"ನನಗ್ಯಾಕೆ ಜಗಳ? ನೀನ್ಯಾರು, ನಾನ್ಯಾರು?" ಎನ್ನುತ್ತಲೇ ನೇದಾ ಬ್ಯಾಗಿನ ಜಿಪ್ ಸರ್ರನೆ ಎಳೆದು ಕೋಟನ್ನು ಕತ್ತುಪಟ್ಟಿ ಹಿಡಿದು ಹೊರಗೆ ತೆಗೆದಳು. "ಚಳಿಗಾಲಕ್ಕೆ ಬರಲ್ಲ ಅಂತ ಬಾಯಲ್ಲಿ ಹೇಳು, ವೇಲ್ಕೊ. ಕೋಟಿನ ಕೈಲಿ ಹೇಳಿಸಬೇಡ. ನಮ್ಮಪ್ಪನೂ ಹಾಗೇ..."

ಅವಳು ಕೋಟನ್ನು ಕೈಯಲ್ಲಿ ಒಮ್ಮೆ ಮೇಲೆತ್ತಿ ಇಳಿಸಿದಳು.

ಊರಿನ ಅರ್ಧ ಬೆಳೆ ಅವಳ ಕೈಯ ಮೇಲೆ ಹಾದು ಹೋಗುತ್ತದೆ. ಹೂ, ಬೇರು, ಅಕ್ರೋಟು. ಮೂಟೆ ಎತ್ತಿದರೆ ಒಳಗೆ ಕಲ್ಲು ಸೇರಿಸಿದ್ದಾರೆಯೇ ಎಂಬುದು ಅವಳ ಕೈಗೆ ತಕ್ಷಣ ತಿಳಿಯುತ್ತದೆ. ಈಗಲೂ ತಿಳಿಯಿತು.

"ಈ ಕೋಟು ಇಷ್ಟು ಭಾರ ಯಾಕಿದೆ?"

"ಕೊಡಿಲ್ಲಿ" ಎಂದು ವೇಲ್ಕೊ ಕೈ ಚಾಚಿದ. ಅವಳು ಹಿಂದೆ ಸರಿದಳು. ಜೋತುಬಿದ್ದ ಎಡಜೇಬು ತೂಗಾಡಿ ಅವಳ ಮಂಡಿಗೆ ಧಪ್ಪೆಂದು ಬಡಿಯಿತು.

"ಅಯ್ಯೋ!"

"ನೋವಾಯ್ತಾ?"

"ಕಲ್ಲಿಟ್ಟಿದ್ದೀಯೇನೋ ಇದರಲ್ಲಿ!"

ಕೈ ಹಾಕಿದಳು. ತಣ್ಣನೆಯ ಕಬ್ಬಿಣ, ಮೇಲೊಂದು ಕೊಂಡಿ. ಕೊಂಡಿಯ ಒಳಮೈ ತಿಕ್ಕಿ ತಿಕ್ಕಿ ಬೆಳ್ಳಗಾಗಿತ್ತು. ಅಜ್ಜಿಯ ಬೆರಳು, ಅಮ್ಮನ ಬೆರಳು, ತನ್ನ ಬೆರಳು. ಕಣ್ಣು ಕಟ್ಟಿದರೂ ಅದನ್ನು ಅವಳು ಗುರುತು ಹಿಡಿಯುತ್ತಿದ್ದಳು.

"ನನ್ನ ಗುಂಡು."

ವೇಲ್ಕೊ ಗೋಡೆ ನೋಡಿದ.

"ಶೆಡ್ಡೆಲ್ಲ ಹುಡುಕಿದೆ. ಇಲಿ ಹೊತ್ಕೊಂಡು ಹೋಯ್ತಾ ಅಂದ್ಕೊಂಡೆ. ಕಳ್ಳ!"

"ಕಳ್ಳನೇ" ಎಂದ ಅವನು. "ಮೊನ್ನೆ ಹೇಳೋಕೆ ಅಂತ ಬಂದಿದ್ದೆ. ನೀನು ಆ ಕಡೆ ತಿರುಗಿ ಹೂ ಹರಡ್ತಾ ಇದ್ದೆ. ಹೇಳೋಕಾಗಲಿಲ್ಲ. ಗೋಡೆ ಮೇಲೆ ಇದಿತ್ತು. ಜೇಬಿಗೆ ಹಾಕ್ಕೊಂಡು ಬಂದ್ಬಿಟ್ಟೆ."

"ಏನು ಹೇಳೋಕೆ?"

"ಮೊದಲು ನೀನು ಹೇಳು. ಅದು ಬೇರೆ ಗುಂಡು ಅಂತ ನಿನಗೆ ಗೊತ್ತಿರಲಿಲ್ವಾ?"

ಈಗ ಗೋಡೆ ನೋಡುವ ಸರದಿ ನೇದಾಳದು.

"ಗೊತ್ತಿತ್ತು" ಎಂದಳು.

"ಗೊತ್ತಿದ್ದೂ ನನ್ನ ಕಾಫಿ ಪಾತ್ರೆ ತೆಗೆಸಿದೆಯಾ?"

"ನಿನಗೂ ಗೊತ್ತಿತ್ತಲ್ಲ! ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ಏನಂತ ಹೇಳಲಿ? 'ನೇದಾ, ತೂಕ ತಪ್ಪು, ಸರಿ ಗುಂಡು ನಾನೇ ಕದ್ದು ಕೋಟಿನಲ್ಲಿ ಇಟ್ಟಿದ್ದೀನಿ' ಅಂತಲಾ? ನೀನು ಆ ಕೋಲು ಹಿಡ್ಕೊಂಡು ಬಾಗಿಲಲ್ಲಿ ನಿಂತಾಗ ನನ್ನ ಜೀವವೇ ಹೋಯ್ತು. ವ್ಯಾನು ಬಂದಾಗ ಕೋಟು ತೆಗೆದು ಹಾಕ್ಕೊಂಡು ಹೋಗೋದು ಅಂತಲೇ ಇದ್ದೆ. ನಿನ್ನೆದುರು ಅದನ್ನ ಹೊರಗೆ ತೆಗೆಯೋದು ಹೇಗೆ?"

ನೇದಾಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಗ್ರಾಂ ಗ್ರಾಂ ಎಂದು ದುಪ್ಪಟಿ ಬಿಟ್ಟು ಬರೀ ಹಾಸಿಗೆಯ ಮೇಲೆ ಮಲಗಲು ಸಿದ್ಧನಾದ ಮನುಷ್ಯ, ಯಾವ ಉಪಯೋಗಕ್ಕೂ ಬಾರದ ಒಂದು ಕಿಲೋ ಕಬ್ಬಿಣ ಹೊತ್ತು ಹಾಲೆಂಡಿಗೆ ಹೊರಟಿದ್ದಾನೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಅದು ನಗುವಿನದಷ್ಟೇ ಅಲ್ಲ.

"ಏನ್ಮಾಡ್ತಿದ್ದೆ ಇದನ್ನ ಇಟ್ಕೊಂಡು?"

"ನಿನ್ನ ಬೆರಳು ಮುಟ್ಟಿದ್ದು" ಎಂದ ವೇಲ್ಕೊ, ಬೂಟಿನ ತುದಿ ನೋಡುತ್ತ. "ಆಮೇಲೆ, ಅದು ನಿಂದು ತಾನೇ. ಏನೂ ಹೇಳದೆ ಹೋದ್ರೂ, ಇದನ್ನ ವಾಪಸ್ ಕೊಡೋಕಾದ್ರೂ ನಿನ್ನ ಬಾಗಿಲಿಗೆ ಬರಲೇಬೇಕಲ್ಲ ಅಂತ."

ಎದುರುಮನೆಯಲ್ಲಿ ದೊಡ್ಡಮ್ಮನ ಕೆಮ್ಮು ಕೇಳಿಸಿತು.

"ಮತ್ತೆ ಈ ಕೋಟು?" ನೇದಾ ಕೇಳಿದಳು. ಇದೊಂದನ್ನು ಕೇಳದೆ ಅವಳು ಇನ್ನೇನನ್ನೂ ನಂಬಲು ತಯಾರಿರಲಿಲ್ಲ.

"ಸೊಪ್ಪು ಪ್ಯಾಕ್ ಮಾಡೋ ಕೆಲಸ ಕಣೇ. ಹೊರಗೆ ಬಿಸಿಲಿದ್ರೂ ಒಳಗೆ ಫ್ರಿಜ್ಜೇ. ಸೊಪ್ಪು ಬಾಡಬಾರದು ಅಂತ ನಾಲ್ಕು ಡಿಗ್ರಿ. ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲೇ ನಿಲ್ಲಬೇಕು. ಹೋದ ವರ್ಷ ಹೋದವನು ಬೆನ್ನು ಹಿಡ್ಕೊಂಡು ಬಂದ. ಅವನೇ ಹೇಳಿದ್ದು, ಏನು ಬಿಟ್ರೂ ಕೋಟು ಬಿಡಬೇಡ ಅಂತ."

"ಸೆಪ್ಟೆಂಬರ್?"

"ಸೆಪ್ಟೆಂಬರ್ ಕೊನೆಗೆ ಮುಗಿಯತ್ತೆ. ಅಕ್ರೋಟು ಬಡಿಯೋಕೆ ನಾನಿಲ್ದೆ ನಿನಗೆ ಇನ್ಯಾರು ಮರ ಹತ್ತಿ ಕೊಡ್ತಾರೆ?"

ನೇದಾ ಕೋಟಿನಲ್ಲಿ ಮುಖ ಹುದುಗಿಸಿಕೊಂಡಳು. ಕುರಿಯ ವಾಸನೆ, ಬಿಸಿಲಿನ ವಾಸನೆ. ಇಡೀ ದಿನ ಅವಳನ್ನು ಕೊಂದ ಕೋಟು ಬರೀ ಸೊಪ್ಪಿನ ಫ್ರಿಜ್ಜಿನದು. ತನ್ನ ಮೇಲೆ ತನಗೇ ಕೋಪ ಬಂತು, ಅಪ್ಪನ ಮೇಲೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನೆಮ್ಮದಿಯಾಯಿತು.

"ಮೊನ್ನೆ ಏನೋ ಹೇಳೋಕೆ ಬಂದಿದ್ದೆ ಅಂದೆಯಲ್ಲ" ಎಂದಳು ಕೋಟಿನೊಳಗಿಂದಲೇ. "ಹೇಳು."

"ಮುಖ ತೋರಿಸು."

"ಮೊದಲು ಹೇಳು."

"ನಿನ್ನ ದೊಡ್ಡ ತಕ್ಕಡಿ ಒಂದು ನಿಮಿಷದಲ್ಲಿ ತೂಗತ್ತೆ. ನನ್ನ ಮೂಟೆ ಮಾತ್ರ ನಾಲ್ಕು ವರ್ಷದಿಂದ ಕಾಲು ಗಂಟೆ ತೂಗ್ತಿದ್ದೀಯ. ನಾನು ಒಮ್ಮೆಯಾದ್ರೂ ಬೇಗ ಮುಗಿಸು ಅಂದಿದ್ದೀನಾ? ಯಾಕೆ ಅಂದಿಲ್ಲ ಅಂತ ಹೇಳೋಕೆ ಬಂದಿದ್ದೆ." ಅವನು ಒಂದು ಹೆಜ್ಜೆ ಮುಂದೆ ಬಂದ. "ನೀನಂದ್ರೆ ನನಗೆ ಪ್ರಾಣ ನೇದಾ. ಅಷ್ಟೇ. ಇನ್ನು ಬೇಕಾದ್ರೆ ಕಳ್ಳ ಅಂತ ಊರಿಗೆಲ್ಲ ಕೂಗು."

ಅವಳು ಮುಖ ತೋರಿಸಿದಳು. ಅದಾದ ಮೇಲೆ ಸ್ವಲ್ಪ ಹೊತ್ತು ಕೋಟು ನೆಲದ ಮೇಲಿತ್ತು, ಅದನ್ನು ಎತ್ತಿಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

"ಬ್ಯಾಗು" ಎಂದಳು ನೇದಾ ಕೊನೆಗೆ, ಅವನ ಭುಜದಿಂದ ಹಣೆ ಎತ್ತಿ. "ವ್ಯಾನು ಬರತ್ತೆ."

ಈ ಸಲ ಸರಿಯಾದ ಗುಂಡು ನೇತುಹಾಕಿದಳು. ಕೋಟು ಹೊರಗೆ, ಗುಂಡು ಕೋಲಿನಲ್ಲಿ. ಬ್ಯಾಗು ಐದು ಕಿಲೋ ತೋರಿಸಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅರ್ಧ ಬ್ಯಾಗು ಖಾಲಿ ಮಾಡಿಸಿದ್ದೀಯಲ್ಲೇ!"

"ಮಾತಾಡಬೇಡ, ದುಪ್ಪಟಿ ಕೊಡು."

ದುಪ್ಪಟಿಯನ್ನು ಅವಳೇ ಬಿಗಿಯಾಗಿ ಸುರುಳಿ ಸುತ್ತಿದಳು. ಟವೆಲ್, ಚಪ್ಪಲಿ, ಕಾಲುಚೀಲ ಎಲ್ಲ ತಮ್ಮ ತಮ್ಮ ಜಾಗಕ್ಕೆ ಮರಳಿದವು. ಕಾಫಿ ಪಾತ್ರೆಯ ಹೊಟ್ಟೆಯೊಳಗೆ ಉಪ್ಪಿನ ಪೊಟ್ಟಣ ತುರುಕಿ, ಅದನ್ನು ನಟ್ಟನಡುವೆ ಇಟ್ಟಳು. ಗೊಜ್ಜಿನ ಬಾಟಲಿ ಹೇಗೂ ಉಳಿಯುವಂಥದ್ದು, ತೆರೆದು ಬ್ರೆಡ್ಡಿಗೆ ಬಳಿದು ತಿಂದರು. ರಾಕಿಯಾ ಒಂದೇ ಲೋಟದಲ್ಲಿ ಒಂದೊಂದು ಗುಟುಕು. ಅವನ ಗಲ್ಲಕ್ಕೆ ಮೆತ್ತಿದ ಗೊಜ್ಜನ್ನು ಅವಳು ಹೆಬ್ಬೆರಳಿನಲ್ಲಿ ಒರೆಸಿದಳು, ಒರೆಸಿ ಮುಗಿದ ಮೇಲೂ ಒರೆಸಿದಳು.

"ಇನ್ನೂ ಜಾಗ ಇದೆ" ಎಂದ ಅವನು. "ಗುಂಡು ಇಟ್ಕೊಳ್ಳಾ?"

"ವಿಮಾನದವರು ನಿನ್ನನ್ನ ಪೊಲೀಸರಿಗೆ ಹಿಡಿದುಕೊಡ್ತಾರೆ. ಇರು."

ನೇದಾ ಓಡಿದಳು. ಮರಳಿ ಬಂದಾಗ ಅವಳ ಕೈಯಲ್ಲಿ ಬಟ್ಟೆಯ ಚೀಲ, ಅದರ ತುಂಬ ಒಣಗಿದ ಲೀಪಾ ಹೂ. ಮನೆಯೆಲ್ಲ ಜೇನಿನಂಥ ಪರಿಮಳವಾಯಿತು.

"ಸಂಜೆ ಕೆಲಸ ಮುಗಿಸಿ ಬಂದು ಒಂದು ಲೋಟ ಕುದಿಸಿ ಕುಡಿ. ಬೆನ್ನಿಗೆ ಒಳ್ಳೇದು. ತೂಗಿ ತಂದಿದ್ದೀನಿ, ಸೆಪ್ಟೆಂಬರ್ ಕೊನೆವರೆಗೆ ಸರಿಯಾಗತ್ತೆ. ಅಕ್ಟೋಬರಿಗೆ ಒಂದು ಚಿಟಿಕೆಯೂ ಉಳಿಯಲ್ಲ."

"ನಾನು ದಿನ ಬಿಟ್ಟು ದಿನ ಕುಡಿದ್ರೆ?"

"ಕುಡಿದು ನೋಡು, ಗೊತ್ತಾಗತ್ತೆ."

"ಯಾವ ಗುಂಡಲ್ಲಿ ತೂಗಿದೆ? ನಿಜದ್ದಾ, ಸುಳ್ಳಿಂದಾ?"

"ಕೈಯಲ್ಲಿ" ಎಂದಳು ನೇದಾ. "ನನ್ನ ಕೈ ಸುಳ್ಳು ಹೇಳಲ್ಲ."

ಹೊರಗೆ ವ್ಯಾನು ಹಾರ್ನ್ ಹೊಡೆಯಿತು. ವೇಲ್ಕೊ ಎದ್ದ. ಅವಳೇ ಕೋಟು ತೊಡಿಸಿದಳು, ಗುಂಡಿಯನ್ನೂ ಅವಳೇ ಹಾಕಿದಳು, ಕತ್ತಿನವರೆಗೆ, ಬೇಸಿಗೆಯ ರಾತ್ರಿಯಲ್ಲಿ ಅವನ ಹಣೆ ಬೆವರುವಷ್ಟು. ಅವನು ಬ್ಯಾಗು ಹೆಗಲಿಗೇರಿಸಿ ಅಂಗಳಕ್ಕೆ ಇಳಿದ. ವ್ಯಾನಿನ ಒಳಗಿನಿಂದ ಯಾರೋ ಕೂಗಿದರು: "ಏನೋ ವೇಲ್ಕೊ, ಹಿಮ ಬೀಳ್ತಿದೆಯಾ?"

ಎದುರುಮನೆಯ ಬಾಗಿಲು ತೆರೆಯಿತು. ದೊಡ್ಡಮ್ಮ ಸ್ತೋಯ್ನಾ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ನೀರಿನ ಚೆಂಬು ಹಿಡಿದು ಮೆಟ್ಟಿಲ ಮೇಲೆ ಕಾಲಿಡುತ್ತಿದ್ದರು. ಅವರು ಮೊದಲನೆಯ ಮೆಟ್ಟಿಲು ಇಳಿಯುವುದರೊಳಗೆ ನೇದಾ ಒಳಗೆ ಹೋಗಿ, ವೇಲ್ಕೊನ ಅಮ್ಮನ ಹೂಜಿ ತುಂಬಿಸಿಕೊಂಡು ಬಂದು ಹೊಸಿಲ ಮೇಲೆ ನಿಂತಿದ್ದಳು. ಅವನು ಗೇಟು ದಾಟಿದ. ಅವಳು ಹೂಜಿ ಬಗ್ಗಿಸಿ, ಅವನ ಹೆಜ್ಜೆಯ ಹಿಂದೆ ಕಲ್ಲುಹಾಸಿನ ಉದ್ದಕ್ಕೂ ನೀರು ಚೆಲ್ಲಿದಳು. ನೀರು ಗೇಟಿನವರೆಗೆ ಹರಿಯಿತು.

ದೊಡ್ಡಮ್ಮ ನಿಂತಲ್ಲೇ ನಿಂತರು. ವ್ಯಾನಿನವರು ತಲೆ ಹೊರಹಾಕಿ ನೋಡಿದರು. ಅದರಲ್ಲಿದ್ದವರೆಲ್ಲ ಈ ಊರಿನವರೇ.

"ಏ ಹುಡುಗಿ" ಎಂದು ಕೂಗಿದರು ದೊಡ್ಡಮ್ಮ, "ಯಾವ ಮನೆಯವಳು ಅಂತ ಅಲ್ಲಿ ನಿಂತು ನೀರು ಹೊಯ್ತಿದ್ದೀಯೇ?"

ವೇಲ್ಕೊ ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡುತ್ತಿದ್ದ.

"ಈ ಮನೆಯವಳು ಅಂತಲೇ, ದೊಡ್ಡಮ್ಮ" ಎಂದಳು ನೇದಾ, ಅವನಿಗೂ ಕೇಳಿಸುವಷ್ಟು ಗಟ್ಟಿಯಾಗಿ.